ಅಡಗಿಮನಿ ಹೊಸ ಫ್ಲೋರಿಂಗ್: ಕಾಂಟ್ರ್ಯಾಕ್ಟರ್‌ಗೆ ಬಿಡಿ ಲೆಕ್ಕ ಕೇಳೂ ಮೆಸೇಜಿನ್ಯಾಗ ಏನು ಬಿಟ್ಟದ, ನೋಡ್ರಿ

ಗುಮ್ಮಟದೂರು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನೆಲಮಜಲಿ ಮನಿ, ಹಳೇದು. ಅಡಗಿಮನಿಯೊಳಗ ಶಹಾಬಾದ್ ಫರಸಿ ಅದ, ನಡುವ ಒಂದು ಇಂಚಿನಷ್ಟು ಕುಸದದ, ತೊಳದ್ರ ನೀರು ಅಲ್ಲೇ ನಿಲ್ತದ. ಅದನ್ನ ತಗಸಿ 2 ಅಡಿ ಬೈ 2 ಅಡಿ ವಿಟ್ರಿಫೈಡ್ ಟೈಲ್ಸ್ ಹಾಕಸೋದು. ಖೋಲಿ ಒಳಗಿನ ಅಳತಿ 10 ಬೈ 12 ಅಡಿ. ಕಟ್ಟಿ 10 ಅಡಿ ಗ್ವಾಡಿಗುಂಟ ಅದ, ಕಡಪಾ ಕಾಲಿನ ಮ್ಯಾಲ ನಿಂತದ, ಅದನ್ನ ಮುಟ್ಟೂದಿಲ್ಲ. ಬಾಗಿಲು ಅದರ ಎದುರಿನ ಗ್ವಾಡಿಗೆ.

ಕಾಂಟ್ರ್ಯಾಕ್ಟರ್ ಒಂದು ಸಾಲು ಬರದು ಕೊಟ್ಟಾರ: 120 ಚದರ ಅಡಿ, ₹260ರಂಗ, ಒಟ್ಟು ₹31,200, ಸಾಮಾನು ಮಜೂರಿ ಸೇರಿ. ಬಾಯಿಲೆ ಕೇಳಿದ್ರ "9 ಬಾಕ್ಸ್ ಟೈಲ್ಸ್, 10 ಚೀಲ ಸಿಮೆಂಟ್, 1 ಬ್ರಾಸ್ ಉಸುಕು" ಅಂದ್ರು. ನಾ ಕಳಸಬೇಕಂತ ಬರದದ್ದು ಇದು:

"ನಮಸ್ಕಾರ ರೀ. ಅಡುಗೆಮನೆ ಕೆಲಸಕ್ಕೆ ₹31,200 ಅಂತ ಹೇಳಿದ್ದೀರಿ. ಇದರಲ್ಲಿ ಟೈಲ್ಸ್, ಸಿಮೆಂಟ್, ಉಸುಕು, ಗೌಂಡಿ ಮಜೂರಿ, ಹಳೆಯ ಫರಸಿ ತೆಗೆಯುವುದು, ಪ್ರತಿಯೊಂದಕ್ಕೂ ಎಷ್ಟು ಹಿಡಿದಿದ್ದೀರಿ ಅಂತ ಒಂದೊಂದು ಸಾಲಿನಲ್ಲಿ ಬರೆದು ಕಳಿಸಿ. ಅದನ್ನು ನೋಡಿ ಮುಂಗಡ ಕೊಡುತ್ತೇನೆ."

ಇಷ್ಟು ಸಾಕೇನ್ರಿ? ಅವರು ಹೇಳಿದ ಲೆಕ್ಕ ಬರೋಬರಿ ಅದನ?

ಕುಂದಾನಗರಿ

ಫರಸಿ ತಗಸೂದ ಬ್ಯಾಡ್ರಿ. ಅದರ ಮ್ಯಾಲೇ ಅಡೆಸಿವ್ ಹಚ್ಚಿ ಟೈಲ್ಸ್ ಕೂಡಸ್ತಾರ ಈಗ. ಸಿಮೆಂಟ್ ಉಸುಕು ಎರಡೂ ಉಳಿತಾವು, ಧೂಳೂ ಇಲ್ಲ, ಎರಡು ದಿನದಾಗ ಕೆಲಸ ಮುಗೀತೈತಿ.

ಸೈಟ್‌ಮನಿ (ಬಾಗಲಕೋಟೆ)

ಫರಸಿ ಗಟ್ಟಿಯಾಗಿ, ಸಪಾಟಾಗಿ ಇದ್ದಿದ್ರ ನಿಮ್ಮ ಮಾತು ಒಪ್ಪಬಹುದಿತ್ತು. ಇಲ್ಲಿ ನಡುವ ಒಂದು ಇಂಚು ಕುಸದೈತಿ ಅಂತ ಅವರ ಹೇಳ್ಯಾರ. ಅಂದ್ರ ಫರಸಿ ಕೆಳಗಿನ ಗರಸು ಇಳದೈತಿ. ಅಡೆಸಿವ್ ಪದರ 3ರಿಂದ 6 ಮಿ.ಮೀ. ಇರೂದು. ಒಂದು ಇಂಚಿನ ತಗ್ಗು ಅದರಲೆ ತುಂಬೂದಿಲ್ಲ, ತುಂಬಿದ್ರೂ ಕೆಳಗಿಂದು ಇಳಿಯೂದು ನಿಲ್ಲೂದಿಲ್ಲ. ಫರಸಿ ಇಳದಂಗ ಟೈಲ್ಸ್ ಸಂದಿನ್ಯಾಗ ಬಿರುಕು ಬಿಡತಾವು.

ಇನ್ನ ಗುಮ್ಮಟದೂರು ಅವರ ಮೆಸೇಜಿನ ಬಗ್ಗೆ. ನೀವು ಕೇಳಿದ್ದು ಬರೇ ರೊಕ್ಕ. ಅವರು "ಸಿಮೆಂಟ್ ₹4,000, ಉಸುಕು ₹5,000" ಅಂತ ಬರದು ಕಳಸ್ತಾರ, ಅದರಿಂದ ನಿಮಗ ಏನೂ ತಿಳಿಯೂದಿಲ್ಲ. ಮೊದಲ ಕೇಳಬೇಕಾದ್ದು ದಪ್ಪ. ಟೈಲ್ಸ್ ಕೆಳಗ ಮಾಲು ಎಷ್ಟು ಇಂಚು, ಅದರ ಪ್ರಮಾಣ ಎಷ್ಟಕ್ಕೆಷ್ಟು, ಮಾಲಿನ ಕೆಳಗ ಏನೈತಿ. ಈ ಮೂರು ಗೊತ್ತಾದ್ರ ಸಿಮೆಂಟ್ ಚೀಲ, ಉಸುಕು ಎರಡೂ ನೀವ ಲೆಕ್ಕ ಹಾಕಬಹುದು.

ಹಾಕಿ ತೋರಸ್ತೀನಿ. 120 ಚದರ ಅಡಿಗೆ ಒಂದೂವರೆ ಇಂಚು ಮಾಲು ಅಂದ್ರ 15 ಘನ ಅಡಿ. ಒಣ ಸಾಮಾನು ಕಲಸಿ ಒತ್ತಿದಾಗ ಕುಗ್ಗತೈತಿ, ಅದಕ್ಕ ಮೂರನೇ ಒಂದು ಭಾಗ ಹೆಚ್ಚಿಗಿ ಹಿಡೀಬೇಕು, 20 ಘನ ಅಡಿ ಆತು. 1:6 ಪ್ರಮಾಣ ಅಂದ್ರ 7 ಪಾಲು. ಸಿಮೆಂಟ್ ಸುಮಾರು 2.9 ಘನ ಅಡಿ. 50 ಕೆ.ಜಿ. ಚೀಲ ಒಂದೂಕಾಲು ಘನ ಅಡಿಗಿಂತ ತುಸು ಕಡಿಮಿ, ಅಲ್ಲಿಗೆ ಎರಡೂಕಾಲು ಎರಡೂವರೆ ಚೀಲ. ಉಸುಕು 17 ಘನ ಅಡಿ. ಮ್ಯಾಲ ಟೈಲ್ಸ್ ಕೂಡಸೂ ಮೊದಲ ಸಿಮೆಂಟ್ ರಾಡಿ ಹಾಕ್ತಾರಲ್ಲ, ಅದಕ್ಕ ಚದರ ಮೀಟರಿಗೆ 3.3 ಕೆ.ಜಿ. ಹಿಡಿತೀವಿ, ನಿಮ್ಮ ಖೋಲಿಗೆ 37 ಕೆ.ಜಿ., ಮುಕ್ಕಾಲು ಚೀಲ. ಸ್ಕರ್ಟಿಂಗ್‌ಗೆ ಇನ್ನೊಂದು ಅರ್ಧ ಚೀಲ. ಒಟ್ಟು 4 ಚೀಲದೊಳಗ ಮುಗೀತು.

10 ಚೀಲ ಎಲ್ಲಿಂದ ಬಂತು ಅನ್ನೂದ ನಿಮ್ಮ ಮೊದಲ ಪ್ರಶ್ನೆ ಆಗಬೇಕು.

ಮಲಪ್ರಭಾ

ಕಡಪಾ ಕಟ್ಟಿ ಯಾಕ ಇಟ್ಕೊಂತೀರಿ? ಈಗ ಎಲ್ಲಾರೂ ಗ್ರಾನೈಟ್ ಹಾಕಸ್ತಾರ. ಇಳಕಲ್ ಕೆಂಪು ಗ್ರಾನೈಟ್ ಹಾಕಸ್ರಿ, ಹುಣಸಿಹಣ್ಣು ನಿಂಬಿಹಣ್ಣು ಬಿದ್ರೂ ಕಲಿ ಆಗೂದಿಲ್ಲ. 10 ಅಡಿ ಕಟ್ಟಿಗೆ 20 ಚದರ ಅಡಿ ಸಾಕು, ಮುಂದಿನ ಅಂಚು ಗೋಲ್ ಮಾಡೂದಕ್ಕ ಬ್ಯಾರೆ ರೇಟ್ ಕೇಳ್ರಿ.

ಗುಮ್ಮಟದೂರು

ಅಕ್ಕಾರ, ಕಟ್ಟಿ ಕೆಲಸ ಇಲ್ರಿ, ಬರೇ ನೆಲದ್ದು.

ಸೈಟ್‌ಮನಿ ಸರ್, ನೀರು ಹೋಗಾಕ ವಾಟ ಕೊಡಬೇಕು ಅಂತ ಹೇಳೇನಿ. ಮೂಲಿಯೊಳಗ ನಹಣಿ ಟ್ರ್ಯಾಪ್ ಅದ. ಅದಕ್ಕ ಮಾಲು ಹೆಚ್ಚು ಹಿಡಿತದೇನು?

ಜಮಖಂಡಿ ಗುತ್ತಿಗೆದಾರ

ಸೈಟ್‌ಮನಿ ಅವರು ಒಂದೂವರೆ ಇಂಚು ಸಮ ದಪ್ಪ ಹಿಡದಾರ, ಹಂಗ ಎಲ್ಲಿ ಬರತೈತ್ರಿ. 100ಕ್ಕ 1ರಂಗ ವಾಟ ಕೊಟ್ರ 12 ಅಡಿಗೆ ಸುಮಾರು ಒಂದೂವರೆ ಇಂಚಿನ ಫರಕು. ಟ್ರ್ಯಾಪ್ ಹತ್ರ ಒಂದೂವರೆ ಇದ್ರ ಆ ತುದಿಗೆ 3 ಇಂಚು ಆತು. ಅಡಗಿಮನಿಯಾಗ ಬಚ್ಚಲದಷ್ಟು ವಾಟ ಯಾರೂ ಕೊಡೂದಿಲ್ಲ, ಗ್ಯಾಸ್ ಸಿಲಿಂಡರ್, ಫ್ರಿಜ್ಜು ಓರಿ ನಿಲ್ತಾವು. ಅದರ ಸುಮಾರು ಅರ್ಧ ಕೊಟ್ರೂ ಸರಾಸರಿ 2 ಇಂಚು ಹಿಡೀಲೇಬೇಕು.

ಇನ್ನೊಂದು ಮಾತು. ಲಂಪ್‌ಸಮ್ ರೇಟ್ ಕೊಟ್ಟಾವನ ಕಡೆ ಒಂದೊಂದು ಚೀಲದ ಲೆಕ್ಕ ಕೇಳೂದು ಸರಿ ಅಲ್ಲ. ಲಂಪ್‌ಸಮ್ ಅಂದ್ರ ಸಾಮಾನು ಹೆಚ್ಚು ಹೋದ್ರ ಲುಕ್ಸಾನ ನಮ್ದು, ಉಳದ್ರ ನಮ್ದು. ನಿಮಗ ಬಿಡಿ ಲೆಕ್ಕನ ಬೇಕಂದ್ರ ಹೆಚ್ಚು ಹೋದಾಗ ರೊಕ್ಕ ನೀವ ಕೊಡಬೇಕು. ಎರಡೂ ಬೇಕಂದ್ರ ಹೆಂಗ?

ಸೈಟ್‌ಮನಿ (ಬಾಗಲಕೋಟೆ)

ವಾಟದ ಮಾತು ಖರೆ ಐತಿ, 2 ಇಂಚು ಹಿಡಿಯೋಣ. ಮಾಲು 20 ಘನ ಅಡಿ, ಒಣ ಲೆಕ್ಕ ಸುಮಾರು 27. ಸಿಮೆಂಟ್ 3 ಚೀಲ ಚಿಲ್ಲರ, ಉಸುಕು 23 ಘನ ಅಡಿ. ರಾಡಿ, ಸ್ಕರ್ಟಿಂಗ್ ಕೂಡಿಸಿದ್ರ 4ರಿಂದ ನಾಲ್ಕೂವರೆ ಚೀಲ. 3 ಇಂಚು ಸಪಾಟ ಹಾಕಿದ್ರೂ 6 ಚೀಲ ದಾಟೂದಿಲ್ಲ. 10 ಆಗೂದಿಲ್ಲ.

ನಿಮ್ಮ ಎರಡನೇ ಮಾತಿಗೆ: ನಿಮ್ಮ ಲಾಭ ಯಾರೂ ಕೇಳಾಕತ್ತಿಲ್ಲ. ಲಂಪ್‌ಸಮ್‌ದಾಗ ಉಳದದ್ದು ನಿಮ್ದ ಅಂತಂದ್ರ, ಏನು ಹಾಕ್ತೀರಿ ಅನ್ನೂದು ಬರದು ಇರಲೇಬೇಕಲ್ಲ. 1:6 ಅಂತ ಬರದಿರದಿದ್ರ 1:10 ಕಲಸಿದ್ರೂ "ಮಾಲು ಹಾಕೇನಿ" ಅನ್ನಬಹುದು. ಅದು ಬೆರಳಲೆ ಕೆದರಿದ್ರ ಉದರತೈತಿ, ಆದ್ರ ಮ್ಯಾಲ ಟೈಲ್ಸ್ ಕುಂತ ಮ್ಯಾಲ ಕೆದರಿ ನೋಡವ್ರು ಯಾರು?

ಜಮಖಂಡಿ ಗುತ್ತಿಗೆದಾರ

ಪ್ರಮಾಣ, ದಪ್ಪ, ಟೈಲ್ಸ್ ಕಂಪನಿ, ಇವು ಬರದು ಕೊಡೂದಕ್ಕ ನಂದೂ ತಕರಾರು ಇಲ್ಲ. ಚೀಲಕ್ಕ ಎಷ್ಟು ಕೊಟ್ಟು ತಂದಿ, ಗೌಂಡಿಗೆ ದಿನಕ್ಕ ಎಷ್ಟು ಕೊಡ್ತಿ ಅಂತ ಕೇಳಬಾರದು ಅಂತಷ್ಟ.

ಟೈಲ್ಸ್ ಅಂಗಡಿ, ಗೋಕಾಕ

ಸಿಮೆಂಟಿನ ಜಗಳದೊಳಗ ಟೈಲ್ಸ್ ಲೆಕ್ಕ ಯಾರೂ ನೋಡಲಿಲ್ಲ. 9 ಬಾಕ್ಸ್ ಸರಿ ಹೌದೋ ಅಲ್ಲೋ ಅನ್ನೂದು ಟೈಲ್ಸ್ ಎಲ್ಲಿಂದ ಸುರು ಮಾಡ್ತಾರ ಅನ್ನೂದರ ಮ್ಯಾಲ ಐತಿ.

2 ಬೈ 2 ಅಂತೀವಿ, ಖರೇ ಅಳತಿ 600 ಮಿ.ಮೀ. 2 ಅಡಿ ಅಂದ್ರ 610ರ ಹತ್ರ. ಒಂದು ಟೈಲಿಗೆ ಸುಮಾರು 10 ಮಿ.ಮೀ. ಕಡಿಮಿ ಬಿತ್ತು. 4 ಟೈಲಿನ ಬಾಕ್ಸು 16 ಚದರ ಅಡಿ ಅಲ್ಲ, ಹದಿನೈದೂವರೆ. 120ನ್ನು ಭಾಗಿಸಿದ್ರ 7.7 ಬಾಕ್ಸ್, ವೇಸ್ಟೇಜ್ ಕೂಡಿಸಿ 9 ಅಂದಾರ ನಿಮ್ಮವರು. ಚದರ ಅಡಿ ಲೆಕ್ಕದಾಗ ಅದು ಸರಿ.

ಈಗ ಖೋಲಿಯೊಳಗ ಹಾಸಿ ನೋಡ್ರಿ. 10 ಅಡಿ ಅಂದ್ರ 3048 ಮಿ.ಮೀ. 5 ಟೈಲ್ಸ್ ಇಟ್ಟು ನಡುವ 2 ಮಿ.ಮೀ. ಸಂದು ಬಿಟ್ರ 3008. ಎರಡೂ ಗ್ವಾಡಿಗೆ 5 ಮಿ.ಮೀ. ಬಿಟ್ರ ಕಡೀಕ 30 ಮಿ.ಮೀ. ಪಟ್ಟಿ ಉಳೀತು, ಒಂದು ಇಂಚಿನ ಮ್ಯಾಲ ತುಸು. 12 ಅಡಿ ಕಡೆನೂ ಹಂಗ, 6 ಟೈಲ್ಸ್ ಆದ ಮ್ಯಾಲ 38 ಮಿ.ಮೀ. ಅಷ್ಟು ಸಣ್ಣ ಪಟ್ಟಿ ಕೊಯ್ಯಾಕ ಹೋದ್ರ ಅರ್ಧಕ್ಕರ್ಧ ಮುರೀತಾವು, ಕುಂತದ್ದೂ ಕಾಲಾಗ ಏಳತೈತಿ.

ಅದಕ್ಕ ಒಳ್ಳೆ ಗೌಂಡಿ ಎರಡೂ ಕಡೆ ಸಮ ತುಂಡು ಬರೂವಂಗ ನಡುವಿನಿಂದ ಸುರು ಮಾಡ್ತಾನ. ನಡುವ 4 ಪೂರಾ ಟೈಲ್ಸ್, ಎಡಕ್ಕ ಬಲಕ್ಕ 314 ಮಿ.ಮೀ. ತುಂಡು. ಆದ್ರ 314 ಅರ್ಧಕ್ಕಿಂತ ದೊಡ್ಡದು. ಒಂದು ಟೈಲ್ ಕೊಯ್ದ್ರ ಒಂದ ತುಂಡು ಸಿಗತೈತಿ, ಉಳದದ್ದು ಆ ಕಡೆ ಗ್ವಾಡಿಗೆ ಸಾಲೂದಿಲ್ಲ. ಎರಡೂ ದಿಕ್ಕಿಗೆ ಹಂಗ ಮಾಡಿದ್ರ 6 ಸಾಲು ಗುಣಿಲೆ 7 ಸಾಲು, 42 ಟೈಲ್ಸ್, 11 ಬಾಕ್ಸ್ ಬೇಕು. 9 ತಂದ್ರ ಆರು ಟೈಲ್ಸ್ ಕಡಿಮಿ ಬೀಳತಾವು, ಆಮ್ಯಾಲ ಅಂಗಡಿಗೆ ಬಂದ್ರ ಅದ ಬ್ಯಾಚು ಇರೂದಿಲ್ಲ. ಡಿಸೈನ್ ಅದ ಇದ್ರೂ ಬ್ಯಾಚ್ ಬ್ಯಾರೆ ಆದ್ರ ಬಣ್ಣದಾಗ ಮತ್ತ ಒಂದು ಮಿ.ಮೀ. ಅಳತಿಯಾಗ ಫರಕು ಬರತೈತಿ.

ನಿಮ್ಮ ಖೋಲಿಗೆ ಒಂದು ಅನುಕೂಲ ಐತಿ. ಕಟ್ಟಿ 10 ಅಡಿ ಗ್ವಾಡಿಗೆ ಐತಿ, ಬಾಗಿಲು ಎದುರಿಗೆ. 12 ಅಡಿ ದಿಕ್ಕಿಗೆ ಬಾಗಿಲ ಕಡೆಯಿಂದ ಪೂರಾ ಟೈಲ್ ಇಟ್ಟು ಸುರು ಮಾಡಿಸ್ರಿ, ಆ 38 ಮಿ.ಮೀ. ಪಟ್ಟಿ ಕಟ್ಟಿ ಕೆಳಗ ಹಿಂದಿನ ಗ್ವಾಡಿಗೆ ಹೋಗತೈತಿ, ಅಲ್ಲಿ ಯಾರೂ ನೋಡೂದಿಲ್ಲ, ತುಳಿಯೂದಿಲ್ಲ. 10 ಅಡಿ ದಿಕ್ಕಿಗಷ್ಟ ನಡುವಿನಿಂದ ಹಂಚಿಸ್ರಿ. 6 ಗುಣಿಲೆ 6, 36 ಟೈಲ್ಸ್, ಬರೋಬರಿ 9 ಬಾಕ್ಸ್. ಹಿಂದಿನ ಪಟ್ಟಿ ಕೊಯ್ದು ಉಳದ ತುಂಡಿನೊಳಗ ಬರತಾವು. ಒಡದದ್ದಕ್ಕ, ಮುಂದಿನ ದುರಸ್ತಿಗೆ ಅಂತ ಒಂದು ಬಾಕ್ಸ್ ಹೆಚ್ಚಿಗಿ, 10.

ಡೋಣಿದಂಡಿ

ಸ್ಕರ್ಟಿಂಗ್ ಟೈಲ್ಸ್ ಬ್ಯಾರೆ ಬರಬೇಕಲ್ಲ ಇದರಾಗ?

ಟೈಲ್ಸ್ ಅಂಗಡಿ, ಗೋಕಾಕ

ಬೇಕಾಗೂದಿಲ್ಲ. 314 ಕೊಯ್ದ 12 ಟೈಲಿನೊಳಗ ಒಂದೊಂದರಾಗ 280ರ ಮ್ಯಾಲ ಉಳೀತೈತಿ. ಒಂದೊಂದರಾಗ 4 ಇಂಚಿನ ಎರಡು ಪಟ್ಟಿ. ಹಿಂದಿನ ಗ್ವಾಡಿಗೆ ಒಂದು ತುಂಡು ಹೋದ್ರೂ 22 ಪಟ್ಟಿ, 43-44 ಅಡಿ ಉದ್ದ. ಸುತ್ತಳತಿ 44, ಅದರಾಗ ಬಾಗಿಲು 3, ಕಟ್ಟಿ ಹಿಂದಿನ ಗ್ವಾಡಿ 10 ತಗದ್ರ ಬೇಕಾದ್ದು 31 ಅಡಿ. ಆದ್ರ ಅರ್ಧ ಪಟ್ಟಿಗೆ ಕಂಪನಿ ಅಂಚು ಇರೂದಿಲ್ಲ, ಕೊಯ್ದ ಅಂಚು ಮ್ಯಾಲ ಬರತೈತಿ. ಅದನ್ನ ಗ್ರೈಂಡರ್‌ಲೆ ಉಜ್ಜಿ ಕೊಡಬೇಕು ಅಂತ ಮಜೂರಿ ಸಾಲಿನ್ಯಾಗ ಬರಸ್ರಿ, ಇಲ್ಲಂದ್ರ ಒರಸೂವಾಗ ಕೈ ಕೊಯ್ತೈತಿ.

ಕೊಟೇಶನ್‌ದಾಗ "ಸ್ಕರ್ಟಿಂಗ್ 31 ಅಡಿ" ಅಂತ ಟೈಲ್ಸ್ ರೊಕ್ಕ ಬ್ಯಾರೆ ಹಿಡದಿದ್ರ ಪ್ರಶ್ನೆ ಮಾಡ್ರಿ. ಅದರ ಮಜೂರಿ ಬ್ಯಾರೆ ಕೇಳೂದು ನ್ಯಾಯ ಐತಿ.

ಕುಂದಾನಗರಿ

ಹಳೇ ಮನಿ ಖೋಲಿ ಕಾಟಕೋನ ಇರೂದ ಇಲ್ಲ. ಈ ಮಿ.ಮೀ. ಲೆಕ್ಕ ಎಲ್ಲಾ ಕಾಗದದ ಮ್ಯಾಲಷ್ಟ.

ಟೈಲ್ಸ್ ಅಂಗಡಿ, ಗೋಕಾಕ

ಅದು ಸರಿಯಾದ ಮಾತು. ಎರಡೂ ತುದಿಗೆ ಅಗಲ ಅಳೀರಿ, ಮೂಲಿಯಿಂದ ಮೂಲಿಗೂ ಎರಡೂ ಕಡೆ ಅಳೀರಿ. ಮೂಲಿ ಅಳತಿಯಾಗ ಒಂದು ಇಂಚಿನಷ್ಟು ಫರಕು ಇದ್ರ ಬದಿಯ 314 ತುಂಡಿನೊಳಗ ನುಂಗಬಹುದು. ನಡುವಿನಿಂದ ಹಂಚೂದರ ಇನ್ನೊಂದು ಉಪಯೋಗ ಅದ ನೋಡ್ರಿ, 30 ಮಿ.ಮೀ. ಪಟ್ಟಿ ಇಟ್ಟಿದ್ರ ಅದು ಒಂದು ತುದಿಗೆ ಮಾಯಾನ ಆಗತಿತ್ತು.

ಡೋಣಿದಂಡಿ

ನನಗ ಕಾಡೂದು ಬ್ಯಾರೆ. ನಡುವ ಕುಸದದ ಅಂತ ಹೇಳ್ಯಾರ, ಅದಕ್ಕ ಕಾರಣ ಏನು ಅಂತ ಯಾರೂ ಕೇಳವಲ್ರಿ. ವಿಜಯಪುರದ ಕಡೆ ಎರಿ ಮಣ್ಣು. ನೀರು ಕುಡದ್ರ ಉಬ್ಬತದ, ಒಣಗಿದ್ರ ಕುಗ್ಗಿ ಬಿರಿತದ. ಗರಸು ಎಷ್ಟು ತುಂಬ್ಯಾರ, ದಿಮ್ಮಸು ಹೊಡದಾರೋ ಇಲ್ಲೋ ಗೊತ್ತಿಲ್ಲ. ಸಿಂಕಿನ ಪೈಪು ನೆಲದೊಳಗ ಸೋರಿದ್ರೂ ಹಿಂಗ ಆಗತದ. ಮ್ಯಾಲ ಎಂಥಾ ಟೈಲ್ಸ್ ಹಾಕಿದ್ರೇನು, ಕೆಳಗಿನ ರೋಗ ಹಂಗ ಉಳೀತದ.

ಸೈಟ್‌ಮನಿ (ಬಾಗಲಕೋಟೆ)

ಡೋಣಿದಂಡಿ ಅವರು ಗುರಿಗೇ ಹೊಡದಾರ. ಇದರಿಂದಾನ ಆ 10 ಚೀಲದ ಗಂಟೂ ಬಿಚ್ಚತೈತಿ ಅನಸ್ತೈತಿ.

ಇಂಥಾ ನೆಲಕ್ಕ ಗರಸಿನ ಮ್ಯಾಲ 4 ಇಂಚು ಕಾಂಕ್ರೀಟ್ ಹಾಕ್ತಾರ, 1:4:8. 120 ಚದರ ಅಡಿಗೆ 40 ಘನ ಅಡಿ ಕಾಂಕ್ರೀಟ್. ಅದಕ್ಕ 4 ಚೀಲ ಸಿಮೆಂಟ್, 19 ಘನ ಅಡಿ ಉಸುಕು, 38 ಘನ ಅಡಿ ಖಡಿ. ಮಾಲಿನ ನಾಲ್ಕೂವರೆ ಚೀಲ ಕೂಡಿಸ್ರಿ, ಎಂಟೂವರೆ ಆತು. ಒಂದು ಚೀಲ ಅಡ್ಡಾತಿಡ್ಡಿ ಹೋಗತೈತಿ ಅಂತ ಹಿಡದ್ರ 10ರ ಹತ್ರಾನ ಬಂತು. ಉಸುಕು 23 ಮತ್ತ 19, ಒಟ್ಟು 42 ಘನ ಅಡಿ.

ಅಂದ್ರ ಎರಡರಾಗ ಒಂದು. ನಿಮ್ಮ ಕಾಂಟ್ರ್ಯಾಕ್ಟರ್ ಮನಸ್ಸಿನ್ಯಾಗ ಕಾಂಕ್ರೀಟ್ ಹಿಡದು ಖಡಿ ಹೇಳೂದು ಬಿಟ್ಟಾರ, ಇಲ್ಲಾ ಕಾಂಕ್ರೀಟ್ ಇಲ್ದ 10 ಚೀಲ ಅಂದಾರ. ಮೊದಲಿಂದು ಆಗಿದ್ರ ₹260 ರೇಟು ಯೋಗ್ಯ ಅನ್ನಬಹುದು. ಎರಡನೇದು ಆಗಿದ್ರ ಅರ್ಧಕ್ಕರ್ಧ ಸಿಮೆಂಟಿಗೆ ಕೆಲಸಾನ ಇಲ್ಲ. "ಖಡಿ ಎಷ್ಟು?" ಅಂತ ಒಂದ ಮಾತು ಕೇಳ್ರಿ, ಉತ್ತರ ಅಲ್ಲೇ ಸಿಗತೈತಿ.

1 ಬ್ರಾಸ್ ಅಂದ್ರ 100 ಘನ ಅಡಿ. ನಿಮಗ ಬೇಕಾದ್ದು ಅರ್ಧ ಬ್ರಾಸಿಗಿಂತ ಕಡಿಮಿ. ಗಾಡಿಯವರು ಅರ್ಧ ಬ್ರಾಸ್ ತರಾಕ ಒಪ್ಪೂದಿಲ್ಲ ಅಂತಾರ, ಅದೂ ಖರೆ ಇರಬಹುದು. ಉಳದದ್ದು ಯಾರದು ಅಂತ ಬರಸ್ರಿ.

ಮಲಪ್ರಭಾ

ಹಂಗಾರ ನಂದೂ ಒಂದು ಕೇಳ್ತೀನಿ. ನಮ್ದು ಮ್ಯಾಲಿನ ಮಜಲಿ, ಸ್ಲ್ಯಾಬ್ ಮ್ಯಾಲ ಮೊಸಾಯಿಕ್ ಐತಿ. ನಮಗೂ ಕಾಂಕ್ರೀಟ್ ಹಾಕಬೇಕೇನ್ರಿ?

ಸೈಟ್‌ಮನಿ (ಬಾಗಲಕೋಟೆ)

ಇಲ್ರಿ ಅಕ್ಕಾರ, ನಿಮಗ ಸ್ಲ್ಯಾಬ ಕಾಂಕ್ರೀಟ್. ಅದರ ಮ್ಯಾಲ ಮತ್ತ 4 ಇಂಚು ಹಾಕಿ ಭಾರ ಏರಸಬ್ಯಾಡ್ರಿ. ಮೊಸಾಯಿಕ್ ಬಡದಾಗ ಪೊಳ್ಳು ಸಪ್ಪಳ ಬರದಿದ್ರ ಕುಂದಾನಗರಿ ಅವರು ಹೇಳಿದ ಅಡೆಸಿವ್ ದಾರಿ ನಿಮಗ ಹೊಂದತೈತಿ. ಮೊದಲ ಮೊಸಾಯಿಕ್ ಪಾಲಿಶ್ ಕೆದರಿ ಒರಟು ಮಾಡಬೇಕು. ನೆಲ ಅರ್ಧ ಇಂಚಿಗಿಂತ ತುಸು ಏರತೈತಿ, ಬಾಗಿಲ ಕೆಳಗ ಅಷ್ಟು ಜಾಗ ಐತೇನು ನೋಡ್ಕೊಳ್ರಿ.

ಗುಮ್ಮಟದೂರು

ಫೋನ್ ಮಾಡಿ ಖಡಿ ಕೇಳಿದ್ಯಾ. "ಕಾಂಕ್ರೀಟ್ ಹಾಕಬೇಕಾದೀತು ಅಂತ ಹಿಡದೀನಿ, ಫರಸಿ ತಗದು ನೋಡಿದ ಮ್ಯಾಲ ಹೇಳ್ತೀನಿ, ಖಡಿ ಆಗ ತರಸಿದ್ರಾಯ್ತು" ಅಂದ್ರು. ಖಡಿ ರೊಕ್ಕ ₹31,200ರೊಳಗ ಅದನೋ ಹೊರಗೋ ಅಂದ್ರ "ನೋಡೋಣ" ಅಂದ್ರು. ಈಗ ಹೆಂಗ ಬರೀಲಿ?

ಜಮಖಂಡಿ ಗುತ್ತಿಗೆದಾರ

ಅವರ ಮಾತು ತಪ್ಪಲ್ಲ. ಫರಸಿ ಕೆಳಗ ಏನೈತಿ ಅಂತ ತಗೀದ ಹೇಳಾಕ ಬರೂದಿಲ್ಲ. ಗಟ್ಟಿ ಗರಸು ಬಂದ್ರ ಕಾಂಕ್ರೀಟ್ 3 ಇಂಚಿಗೂ ಸಾಕು. ಇಲಿ ಬಿಲ ಬಂದ್ರ, ಹಸಿ ಎರಿ ಬಂದ್ರ ಒಂದು ಅಡಿ ತಗದು ಹೊಸ ಗರಸು ತುಂಬಬೇಕು. ಅದನ್ನ ಮೊದಲ ಲಂಪ್‌ಸಮ್‌ದಾಗ ಹಿಡದ್ರ ನೀವ ರೇಟು ಹೆಚ್ಚಾತು ಅಂತೀರಿ.

ಆದ್ರ "ನೋಡೋಣ" ಅಂತ ಬಿಡೂದು ಇಬ್ಬರಿಗೂ ಒಳ್ಳೇದಲ್ಲ. ನಾವು ಮಾಡೂದು ಹಿಂಗ: ನೆಲದ ಕೆಳಗಿನ ಕೆಲಸ ಬ್ಯಾರೆ ಸಾಲು, ಕಾಂಕ್ರೀಟಿಗೆ ಘನ ಅಡಿಗೆ ಇಷ್ಟು, ಗರಸು ತುಂಬಿ ದಿಮ್ಮಸು ಹೊಡಿಯೂದಕ್ಕ ಘನ ಅಡಿಗೆ ಇಷ್ಟು. ಫರಸಿ ತಗದ ದಿನ ಮಾಲಕರ ಎದುರಿಗೆ ಅಳದು, ಎಷ್ಟು ಆತೋ ಅಷ್ಟಕ್ಕ ರೊಕ್ಕ. ಮ್ಯಾಲಿನ ಟೈಲ್ಸ್ ಕೆಲಸ ಲಂಪ್‌ಸಮ್.

ಡೋಣಿದಂಡಿ

ಇದು ಛಲೋ. ಫರಸಿ ತಗದ ದಿನ ನೀವೂ ಅಲ್ಲೇ ಇರ್ರಿ. ಒಂದು ಕಬ್ಬಿಣದ ಸಳಿ ತಗೊಂಡು ಐದಾರು ಕಡೆ ಕೈಲೆ ಒತ್ತಿ ನೋಡ್ರಿ. ಎರಡು ಇಂಚಿಗೆ ನಿಂತ್ರ ಗರಸು ಗಟ್ಟಿ. ಗೇಣುದ್ದ ಸರಕ್ಕನ ಹೋತಂದ್ರ ಅಲ್ಲಿ ಪೊಳ್ಳು ಅದ. ಕಾಂಕ್ರೀಟ್ ಹಾಕೂ ಮೊದಲ ಸಿಂಕಿನ ಪೈಪಿನ ಬಾಯಿ ಮುಚ್ಚಿ ನೀರು ತುಂಬಿ ರಾತ್ರಿ ಬಿಡ್ರಿ. ಮುಂಜಾನೆ ನೀರು ಇಳದಿದ್ರ ಕುಸಿಯೂದಕ್ಕ ಕಾರಣ ಅದಽ.

ಹೊಸ ಗರಸು ತುಂಬೂದಾದ್ರ ಒಮ್ಮೆಲೆ ಸುರೂವಿ ಮ್ಯಾಲಷ್ಟ ಬಡಿಯಾಕ ಬಿಡಬ್ಯಾಡ್ರಿ. ಅರ್ಧ ಅಡಿಗೊಮ್ಮೆ ನೀರು ಹೊಡದು ದಿಮ್ಮಸು ಹೊಡೀಬೇಕು.

ಕುಂದಾನಗರಿ

ಅಡೆಸಿವ್ ವಿಚಾರ ಬಿಟ್ಟೇ ಬಿಟ್ರಿ. ವಿಟ್ರಿಫೈಡ್ ಟೈಲಿಗೆ ಸಿಮೆಂಟ್ ರಾಡಿ ಹಿಡಿಯೂದಿಲ್ಲ ಅಂತ ಎಲ್ಲಾ ಅಂಗಡಿಯವರೂ ಹೇಳ್ತಾರ. ಇದರಾಗಾದ್ರೂ ನನ್ನ ಮಾತು ಖರೆ ಇಲ್ಲೇನು?

ಟೈಲ್ಸ್ ಅಂಗಡಿ, ಗೋಕಾಕ

ಅರ್ಧ ಖರೆ. ವಿಟ್ರಿಫೈಡ್ ಟೈಲು ನೀರು ಕುಡಿಯೂದು ಅದರ ತೂಕದ ಶೇ. 0.5ಕ್ಕಿಂತ ಕಡಿಮಿ. ಸಿಮೆಂಟ್ ಹಿಡೀಬೇಕಂದ್ರ ಅದರ ನೀರು ಟೈಲಿನ ರಂಧ್ರದೊಳಗ ಹೋಗಬೇಕು, ಇದರಾಗ ರಂಧ್ರಾನ ಇಲ್ಲ. ಬೆನ್ನಿಗೆ ಭಟ್ಟಿಯ ಬಿಳಿ ಪುಡಿ ಬ್ಯಾರೆ ಹತ್ತಿರತೈತಿ. ಅದನ್ನ ಬ್ರಷ್‌ಲೆ ಉಜ್ಜಿ ತೊಳೀದ ಕೂಡಿಸಿದ್ರ ಎಂಥಾ ರಾಡಿನೂ ಬಿಡತೈತಿ.

ಆದ್ರ ಅಡೆಸಿವ್ ಹಸಿ ಮಾಲಿನ ಮ್ಯಾಲ ಹಾಕಬಾರದು. ಮೊದಲ ಮಾಲು ಸಪಾಟಾಗಿ ಎಳದು, ವಾರ ನೀರು ಹೊಡದು, ಆರಿದ ಮ್ಯಾಲ ಹಲ್ಲಿನ ಕರಣಿಲೆ ಹಚ್ಚಬೇಕು. 20 ಕೆ.ಜಿ. ಚೀಲ 50ರಿಂದ 60 ಚದರ ಅಡಿಗೆ ಬರತೈತಿ, ನಿಮಗ 3 ಚೀಲ. ಭಾಳ ಕಡೆ ಗೌಂಡಿಗಳು ಅವತ್ತ ಹಾಕಿದ ಹಸಿ ಮಾಲಿನ ಮ್ಯಾಲ ರಾಡಿ ಬದಲು ಅಡೆಸಿವ್ ಚೆಲ್ಲಿ ಕೂಡಸ್ತಾರ. ರೊಕ್ಕ ಅಡೆಸಿವಿಂದು, ಗಟ್ಟಿತನ ರಾಡಿದು. ಬಿಡಿ ಲೆಕ್ಕದಾಗ "ಅಡೆಸಿವ್ 3 ಚೀಲ" ಅಂತ ಇದ್ದು, ರಾಡಿಯ ಸಿಮೆಂಟೂ ಇದ್ರ ಏನೋ ತಪ್ಪೈತಿ ಅಂತ ತಿಳೀರಿ. ಒಂದ ಇರಬೇಕು.

ಜಮಖಂಡಿ ಗುತ್ತಿಗೆದಾರ

ನಮ್ಮ ಕಡೆ ನೆಲಕ್ಕ ರಾಡಿ ಮ್ಯಾಲ ಕೂಡಿಸಿದ ವಿಟ್ರಿಫೈಡ್ ಸಾವಿರಾರು ಮನಿಯೊಳಗ ಅದಾವು, ನೆಟ್ಟಗ ಅದಾವು. ನೆಲದ ಟೈಲು ತನ್ನ ಭಾರಕ್ಕ ಕುಂತಿರತೈತಿ, ಗ್ವಾಡಿದಂಗ ಬೀಳೂದಿಲ್ಲ. ಪೊಳ್ಳು ಯಾಕ ಬರತೈತಿ ಅಂದ್ರ ರಾಡಿ ಎಲ್ಲಾ ಕಡೆ ಹಾಕೂದಿಲ್ಲ, ಮೂಲಿ ಖಾಲಿ ಬಿಡ್ತಾರ. ಅಡೆಸಿವ್‌ದಾಗೂ ಐದು ಗುಂಡಿ ಇಟ್ಟು ಕೂಡಿಸಿದ್ರ ಅದ ಹಣೇಬಾರ. ಮೂಲಿ ಮ್ಯಾಲ ಸಿಲಿಂಡರ್ ಬಿದ್ರ ಟಪ್ ಅಂತ ಒಡೀತೈತಿ.

ಸೈಟ್‌ಮನಿ (ಬಾಗಲಕೋಟೆ)

ಇದರಾಗ ನಾ ಟೈಲ್ಸ್ ಅಂಗಡಿಯವರ ಕಡೆ. ನಮ್ಮ ಕಡೆ ಬ್ಯಾಸಗಿ ಬಿಸಿಲು 40 ದಾಟತೈತಿ. ಟೈಲು ಉಬ್ಬಿದಾಗ ಹಿಡಿತ ಕಡಿಮಿ ಇದ್ದದ್ದು ಜೋಡಿ ಜೋಡಿ ಎದ್ದು ನಿಲ್ತಾವು. ಆದ್ರ ಅದಕ್ಕ ಸಂದು ಬಿಡದ ಒತ್ತಿ ಕೂಡಸೂದೂ ಅಷ್ಟ ಕಾರಣ. 2 ಮಿ.ಮೀ. ಸ್ಪೇಸರ್, ಗ್ವಾಡಿಗೆ 5 ಮಿ.ಮೀ. ಖಾಲಿ ಸಂದು, ಇವೆರಡು ಬರಸ್ರಿ. ಸ್ಪೇಸರ್‌ಗೆ ಪುಡಿಕಾಸು ಸಾಕು. ಗ್ವಾಡಿ ಸಂದು ಸ್ಕರ್ಟಿಂಗ್ ಕೆಳಗ ಮುಚ್ಚತೈತಿ, ಅದನ್ನ ಸಿಮೆಂಟಲೆ ತುಂಬಾಕ ಬಿಡಬ್ಯಾಡ್ರಿ.

ಮಲಪ್ರಭಾ

ಸಂದಿಗೆ ತುಂಬೂದು ಎಪಾಕ್ಸಿ ಹಾಕಸ್ರಿ. ಸಾದಾ ಗ್ರೌಟ್ ಅರಿಷಿಣ ಎಣ್ಣಿ ಕುಡದು ಹಳದಿ ಆಗತೈತಿ, ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ.

ಟೈಲ್ಸ್ ಅಂಗಡಿ, ಗೋಕಾಕ

ಈ ಮಾತಿಗೆ ಪೂರಾ ಒಪ್ಪಿಗಿ. 2 ಮಿ.ಮೀ. ಸಂದಿಗೆ ಈ ಖೋಲಿಗೆ ಒಂದು ಕಿಲೊ ಚಿಲ್ಲರ, ಎರಡು ಕಿಲೊ ತಂದ್ರ ಸಾಕು. ಬಿಡಿ ಲೆಕ್ಕದಾಗ 5 ಕಿಲೊ ಅಂತ ಬಂದ್ರ ಕೇಳ್ರಿ.

ಗುಮ್ಮಟದೂರು

ಎಲ್ಲಾ ಓದಿ ಹೊಸದಾಗಿ ಬರದೀನಿ:

"ನಮಸ್ಕಾರ ರೀ. ನಿಮ್ಮ ಲಾಭದ ಲೆಕ್ಕ ಕೇಳುತ್ತಿಲ್ಲ. ಏನು, ಎಷ್ಟು ಹಾಕುತ್ತೀರಿ ಅಂತ ಒಂದೊಂದು ಸಾಲಾಗಿ ಬರೆದು ಕೊಡಿ.

ಕೆಲಸ ಎರಡು ಭಾಗ ಮಾಡೋಣ. ಮೊದಲು ಫರಸಿ ತೆಗೆದು, ಕಲ್ಲುಮಣ್ಣು ಹೊರಗೆ ಸಾಗಿಸುವುದು. ಅದಕ್ಕೆ ಒಟ್ಟು ಎಷ್ಟು? ಗಟ್ಟಿ ಇರುವ ಫರಸಿ ಕಲ್ಲು ನಮಗೇ ಬಿಡಿ. ತೆಗೆದ ದಿನ ನನ್ನ ಎದುರಿಗೆ ಗರಸು ನೋಡಿ ಅಳತೆ ಬರೆದುಕೊಳ್ಳೋಣ. ಗರಸು ತುಂಬಿ ದಿಮ್ಮಸು ಹೊಡೆಯುವುದಕ್ಕೆ ಘನ ಅಡಿಗೆ ಎಷ್ಟು, 1:4:8 ಕಾಂಕ್ರೀಟಿಗೆ ಸಿಮೆಂಟ್, ಉಸುಕು, ಖಡಿ, ಮಜೂರಿ ಸೇರಿ ಘನ ಅಡಿಗೆ ಎಷ್ಟು, ಈಗಲೇ ತಿಳಿಸಿ.

ಆಮೇಲೆ ಟೈಲ್ಸ್. ಮಾಲು 1:6, ಸರಾಸರಿ 2 ಇಂಚು, ವಾಟ ನಹಣಿ ಟ್ರ್ಯಾಪ್ ಕಡೆಗೆ. ಇದಕ್ಕೆ ಸಿಮೆಂಟ್ ಎಷ್ಟು ಚೀಲ, ಉಸುಕು ಎಷ್ಟು ಘನ ಅಡಿ? ಟೈಲ್ಸ್ ಕಂಪನಿ, ಡಿಸೈನ್ ನಂಬರ್, 10 ಬಾಕ್ಸ್, ಎಲ್ಲಾ ಒಂದೇ ಬ್ಯಾಚ್. ಬಾಗಿಲ ಕಡೆಯಿಂದ ಪೂರಾ ಟೈಲ್, ಅಡ್ಡಕ್ಕೆ ನಡುವಿನಿಂದ ಹಂಚಬೇಕು. ಸ್ಕರ್ಟಿಂಗ್ ಉಳಿದ ತುಂಡಿನಲ್ಲಿ, ಅಂಚು ಉಜ್ಜಿ ಕೊಡಬೇಕು, ಅದರ ಮಜೂರಿ ಎಷ್ಟು? ಕೂಡಿಸುವುದು ರಾಡಿಯ ಮೇಲೋ ಅಡೆಸಿವ್ ಮೇಲೋ, ಎರಡಕ್ಕೂ ಬೇರೆ ಬೇರೆ ರೇಟು ಹೇಳಿ. ಸ್ಪೇಸರ್ 2 ಮಿ.ಮೀ., ಎಪಾಕ್ಸಿ ಗ್ರೌಟ್ 2 ಕಿಲೊ. ಉಳಿದ ಸಾಮಾನು ಯಾರದು ಅಂತಲೂ ಬರೆಯಿರಿ."

ಜಮಖಂಡಿ ಗುತ್ತಿಗೆದಾರ

ಈ ಮೆಸೇಜು ಬಂದ್ರ ನಾನೂ ಉತ್ತರ ಕೊಡ್ತೀನಿ. ಒಂದು ಕೂಡಿಸ್ರಿ: ಹೊಸ ನೆಲದ ಮಟ್ಟ ಎಲ್ಲಿಗೆ ಬರಬೇಕು. ಹಾಲಿನ ನೆಲಕ್ಕ ಸಮಾನೋ, ಹೊಸ್ತಲ ಕೆಳಗೋ? ಅದನ್ನ ಬರೀದ ಬಿಟ್ರ ಕಾಂಕ್ರೀಟ್ 4, ಮಾಲು 2, ಟೈಲು ಅರ್ಧಕ್ಕಿಂತ ಕಡಿಮಿ, ಒಟ್ಟು ಆರೂವರೆ ಇಂಚಿಗೆ ಎಷ್ಟು ಅಗೀಬೇಕು ಅಂತ ಲೆಕ್ಕ ಸಿಗೂದಿಲ್ಲ. ಕಡಿಮಿ ಅಗದ್ರ ನೆಲ ಏರತೈತಿ, ಕಟ್ಟಿ ಗಿಡ್ಡ ಆಗತೈತಿ, ಬಾಗಿಲು ತಾಕತೈತಿ.

ಡೋಣಿದಂಡಿ

ಕಡಪಾ ಕಾಲು ಫರಸಿ ಮ್ಯಾಲ ನಿಂತಾವೋ, ಫರಸಿ ದಾಟಿ ಕೆಳಗ ಹೋಗ್ಯಾವೋ ಅದನ್ನೂ ಮೊದಲ ನೋಡ್ರಿ. ಫರಸಿ ಮ್ಯಾಲ ನಿಂತಿದ್ರ ಅದರ ಕೆಳಗ ಅಗಿಯಾಕ ಬರೂದಿಲ್ಲ, ಕಟ್ಟಿ ಕುಸೀತದ. ಆಗ ಕಟ್ಟಿ ಕೆಳಗಿನ 20 ಚದರ ಅಡಿ ಬ್ಯಾರೆ ಲೆಕ್ಕ ಆಗತದ.

ಗುಮ್ಮಟದೂರು

ಕಾಲು ಫರಸಿ ಮ್ಯಾಲೇ ನಿಂತಾವ್ರಿ, ಈಗ ಬಗ್ಗಿ ನೋಡಿದ್ಯಾ. ಮಟ್ಟದ ಸಾಲು ಕೂಡಸ್ತೀನಿ. ಕಟ್ಟಿ ಕೆಳಗ ಹಳೇ ಫರಸಿ ಹಂಗ ಬಿಟ್ಟು ಅದರ ಮ್ಯಾಲ ಅಡೆಸಿವ್‌ಲೆ ಟೈಲ್ಸ್ ಹಾಕಸಬಹುದೇನು? ಅಲ್ಲಿ ಕುಸದಿಲ್ಲ, ಗಟ್ಟಿ ಅದ.

ಸೈಟ್‌ಮನಿ (ಬಾಗಲಕೋಟೆ)

ಹಾಕಸಬಹುದು. ಆ 2 ಅಡಿ ಪಟ್ಟಿಗೆ ಕುಂದಾನಗರಿ ಅವರ ದಾರಿ ಸರಿ ಐತಿ. ಆದ್ರ ಕಾಲಿನ ಹತ್ರ ಅಗಿಯೂವಾಗ ಫರಸಿ ಅಂಚಿನಿಂದ ಅರ್ಧ ಅಡಿ ಬಿಟ್ಟು ಇಳಿಜಾರಾಗಿ ಅಗಸ್ರಿ, ನೆಟ್ಟಗ ಕೊರದ್ರ ಕಾಲಿನ ಕೆಳಗಿನ ಗರಸು ಉದುರಿ ಬರತೈತಿ. ಅಲ್ಲಿ ಕಾಂಕ್ರೀಟ್ ತೆಳ್ಳಗ ಆದ್ರೂ ನಡೀತೈತಿ. ಹೊಸ ನೆಲ, ಹಳೇ ಫರಸಿ ಕೂಡೂ ಗೆರಿ ಮ್ಯಾಲ ಒಂದ ಟೈಲು ಎರಡೂ ಕಡೆ ಕೂಡಬಾರದು, ಒಂದು ಕಡೆ ಇಳದ್ರ ಅದು ಸೀಳತೈತಿ. ಸಂದು ಆ ಗೆರಿ ಮ್ಯಾಲ ಬರಬೇಕು.

ಟೈಲ್ಸ್ ಅಂಗಡಿ, ಗೋಕಾಕ

ಹಂಗಾದ್ರ ನನ್ನ 36ರ ಲೆಕ್ಕ ಬದಲಾಗತೈತಿ. ಬಾಗಿಲಿಂದ 5 ಸಾಲು ಅಂದ್ರ ಸುಮಾರು 3010 ಮಿ.ಮೀ., ಕಟ್ಟಿ ಕೆಳಗಿನ ಫರಸಿ ಸುರು ಆಗೂದು 3050ರ ಹತ್ರ. ಗೆರಿ 40 ಮಿ.ಮೀ. ಆಚೆ ಐತಿ. ಫರಸಿ ಅಂಚು ಖರೆ ಎಲ್ಲಿ ಐತಿ ಅಂತ ಅಳದು ಹಾಕ್ರಿ, ಆಮ್ಯಾಲ ಬಾಕ್ಸ್ ಹೇಳ್ತೀನಿ.